ದೊಡ್ಡ ತಳಿಯ ಮರಿಯ ಊಟ: ಎಷ್ಟು ಸಲ, ಎಷ್ಟು ಕ್ಯಾಲ್ಸಿಯಂ, ಯಾವಾಗ ಅಡಲ್ಟ್ ಫುಡ್

ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೈಲರ್, ಗ್ರೇಟ್ ಡೇನ್‌ಗಳಂಥ ದೊಡ್ಡ ತಳಿಯ ಮರಿ ತಂದವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕ್ಯಾಲ್ಸಿಯಂ ಯಾವುದು ಕೊಡಬೇಕು?" ಕೊಡಬೇಕೋ ಬೇಡವೋ ಎಂದು ಕೇಳುವವರು ಕಡಿಮೆ. ಮರಿ ದೊಡ್ಡದಾಗಿ ಬೆಳೆಯುತ್ತದೆ, ಮೂಳೆ ದಪ್ಪ ಇರಬೇಕು, ಮೂಳೆಗೆ ಕ್ಯಾಲ್ಸಿಯಂ ಬೇಕು, ಹಾಗಾಗಿ ಇನ್ನಷ್ಟು ಹಾಕಿದರೆ ಇನ್ನೂ ಒಳ್ಳೆಯದು ಎಂಬ ಲೆಕ್ಕಾಚಾರ. ಇದರ ಮೊದಲ ಮೂರು ಮಾತು ಸರಿ, ಕೊನೆಯದು ತಪ್ಪು. ಆ ತಪ್ಪಿನಿಂದ ಸೊಟ್ಟಗಾದ ಮುಂಗಾಲುಗಳನ್ನು ಆಮೇಲೆ ನೆಟ್ಟಗೆ ಮಾಡುವುದು ಬಹಳ ಕಷ್ಟ.

ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ದೊಡ್ಡ ತಳಿಯ ಮರಿಗಳದ್ದು. ಸಣ್ಣ ತಳಿಯವರಿಗೆ ಬೇಕಾದ ಮಾತನ್ನು ದಾರಿಯಲ್ಲಿ ಹೇಳುತ್ತಾ ಹೋಗುತ್ತೇನೆ.

ಮೊದಲ ಹೆಜ್ಜೆ: ನಿಮ್ಮ ಮರಿ ಎಷ್ಟು ದೊಡ್ಡದಾಗುತ್ತದೆ?

ಊಟದ ಎಲ್ಲ ತೀರ್ಮಾನಗಳೂ ಮರಿಯ ಈಗಿನ ಗಾತ್ರಕ್ಕಿಂತ ಅದು ಮುಟ್ಟಲಿರುವ ತೂಕವನ್ನು ಅವಲಂಬಿಸಿವೆ. ತಾಯಿ ಮತ್ತು ತಂದೆ ನಾಯಿಗಳ ತೂಕ ಗೊತ್ತಿದ್ದರೆ ಅದೇ ಒಳ್ಳೆಯ ಸೂಚನೆ. ಗಂಡು ಮರಿ ತಂದೆಯ ತೂಕಕ್ಕೆ ಹತ್ತಿರ ಬರುತ್ತದೆ, ಹೆಣ್ಣು ತಾಯಿಯ ತೂಕಕ್ಕೆ. ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ ಮಿಶ್ರತಳಿಯ ಮರಿಯಾದರೆ ನಾಲ್ಕನೇ ತಿಂಗಳ ಹೊತ್ತಿಗೆ ಪಶುವೈದ್ಯರು ಒಂದು ಅಂದಾಜು ಹೇಳಬಲ್ಲರು.

ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಆಫ್ಕೊ ಸಂಸ್ಥೆ, ಬೆಳೆದ ಮೇಲೆ 70 ಪೌಂಡ್, ಅಂದರೆ ಸುಮಾರು 32 ಕಿಲೊ ಅಥವಾ ಅದಕ್ಕೂ ಹೆಚ್ಚು ತೂಗುವ ನಾಯಿಗಳನ್ನು ದೊಡ್ಡ ಗಾತ್ರದವು ಎಂದು ಗುರುತಿಸುತ್ತದೆ. ಮೂಳೆಗೆ ಈ 32ರ ಗೆರೆ ಗೊತ್ತಿಲ್ಲವಲ್ಲ! ನಿಮ್ಮ ಮರಿ 25 ಕಿಲೊ ದಾಟುವ ಸಂಭವವಿದ್ದರೆ ದೊಡ್ಡ ತಳಿಯ ನಿಯಮವನ್ನೇ ಪಾಲಿಸಿ ಎನ್ನುವುದು ನನ್ನ ಸಲಹೆ. ಹಾಗೆ ಮಾಡುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ.

ಎರಡನೇ ಹೆಜ್ಜೆ: ಚೀಲದ ಹಿಂದೆ ಬರೆದಿರುವುದನ್ನು ಓದಿ

ಮಿತಿ ಎಷ್ಟು ಎನ್ನುವುದಕ್ಕೆ ಮೊದಲು ಮಿತಿ ಯಾಕೆ ಎಂದು ಹೇಳುತ್ತೇನೆ. ಕಾರಣ ತಿಳಿದರೆ ಸಂಖ್ಯೆ ತಾನಾಗಿಯೇ ನೆನಪಿರುತ್ತದೆ.

ಬೆಳೆದ ನಾಯಿಯ ಕರುಳಿನಲ್ಲಿ ಕ್ಯಾಲ್ಸಿಯಂಗೆ ಒಂದು ಬಾಗಿಲಿದೆ ಎಂದುಕೊಳ್ಳಿ. ದೇಹಕ್ಕೆ ಬೇಕಾದಾಗ ಅದು ಅಗಲವಾಗಿ ತೆರೆಯುತ್ತದೆ, ಸಾಕಾದಾಗ ಕಿರಿದಾಗುತ್ತದೆ. ಹೆಚ್ಚಾದದ್ದು ಮಲದಲ್ಲಿ ಹೊರಗೆ ಹೋಗುತ್ತದೆ. ಎಳೆ ಮರಿಗೆ ಈ ಹತೋಟಿ ಇನ್ನೂ ಬಂದಿರುವುದಿಲ್ಲ. ಸುಮಾರು ಆರು ತಿಂಗಳವರೆಗೆ ಅದರ ಕರುಳು ಊಟದಲ್ಲಿ ಬಂದ ಕ್ಯಾಲ್ಸಿಯಂನ ದೊಡ್ಡ ಪಾಲನ್ನು ಬೇಕಿರಲಿ ಬೇಡದಿರಲಿ ಒಳಗೆ ಬಿಟ್ಟುಕೊಳ್ಳುತ್ತದೆ. ಎರಡರಷ್ಟು ಹಾಕಿದರೆ ರಕ್ತಕ್ಕೆ ಹೆಚ್ಚುಕಡಿಮೆ ಎರಡರಷ್ಟೂ ಸೇರುತ್ತದೆ.

ಹಾಗೆ ಸೇರಿದ ಹೆಚ್ಚುವರಿ ಕ್ಯಾಲ್ಸಿಯಂ ಎಲ್ಲಿ ಹೋಗಬೇಕು? ದೇಹ ಅದನ್ನು ಮೂಳೆಗೆ ತುಂಬುತ್ತದೆ, ಜೊತೆಗೆ ಮೂಳೆಯನ್ನು ಕರಗಿಸಿ ತಿದ್ದುವ ಕೋಶಗಳಿಗೆ ಸುಮ್ಮನಿರಲು ಹೇಳುತ್ತದೆ. ಬೆಳೆಯುವ ಮೂಳೆಗೆ ಈ ತಿದ್ದುವ ಕೆಲಸವೇ ಜೀವಾಳ. ಮೂಳೆ ಉದ್ದವಾಗುವುದು ಅದರ ತುದಿಯಲ್ಲಿರುವ ಮೃದ್ವಸ್ಥಿಯ ಪದರದಿಂದ. ಅಲ್ಲಿ ಮೃದ್ವಸ್ಥಿ ಹುಟ್ಟುತ್ತಲೇ ಇರಬೇಕು, ಹಳೆಯದು ಕರಗಿ ಮೂಳೆಯಾಗುತ್ತಲೇ ಇರಬೇಕು. ತಿದ್ದುವವರು ಕೈಕಟ್ಟಿ ಕೂತರೆ ಮೃದ್ವಸ್ಥಿ ಮೂಳೆಯಾಗದೆ ದಪ್ಪಗೆ ಉಳಿದುಬಿಡುತ್ತದೆ. ಭುಜ, ಮೊಣಕೈಗಳ ಕೀಲಿನಲ್ಲಿ ಹೀಗಾದರೆ ಅದರ ಚೂರು ಬಿರುಕು ಬಿಟ್ಟು ಸಡಿಲವಾಗುತ್ತದೆ, ಮರಿ ಕುಂಟುತ್ತದೆ.

ಮುಂಗಾಲಿನಲ್ಲಿ ಇನ್ನೊಂದು ತೊಂದರೆ ಇದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಮೂಳೆಗಳು ಜೊತೆಯಾಗಿ ಬೆಳೆಯಬೇಕು. ಅದರಲ್ಲಿ ಅಲ್ನಾ ಎಂಬ ಮೂಳೆಯ ಕೆಳತುದಿ ಮೊದಲು ಹಿಂದೆ ಬೀಳುತ್ತದೆ. ಒಂದು ಗಿಡ್ಡವಾಗಿ ನಿಂತು ಪಕ್ಕದ್ದು ಉದ್ದವಾಗುತ್ತಾ ಹೋದರೆ ಏನಾಗುತ್ತದೆ? ಹೆದೆ ಬಿಗಿದ ಬಿಲ್ಲಿನಂತೆ ಉದ್ದದ ಮೂಳೆ ಬಾಗುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ.

ಇದು ಊಹೆಯಲ್ಲ. ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಹೆಜೆವಿಂಕೆಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಬೇರೆ ಬೇರೆ ಪ್ರಮಾಣದ ಕ್ಯಾಲ್ಸಿಯಂ ಇರುವ ಆಹಾರ ಕೊಟ್ಟು ಬೆಳೆಸಿ ನೋಡಿದರು. ಒಣ ಅಂಶದಲ್ಲಿ ಶೇ. 1.1 ಕ್ಯಾಲ್ಸಿಯಂ ಇದ್ದ ಆಹಾರ ತಿಂದವುಗಳಿಗೆ ಹೋಲಿಸಿದರೆ ಶೇ. 3.3 ಇದ್ದ ಆಹಾರ ತಿಂದ ಮರಿಗಳಲ್ಲಿ ಮೃದ್ವಸ್ಥಿಯ ದೋಷಗಳೂ ಮೂಳೆಯ ವಿಕಾರಗಳೂ ಹೆಚ್ಚಾಗಿ ಕಂಡವು. ಪ್ರೋಟೀನ್ ಹೆಚ್ಚಾದರೆ ಮೂಳೆ ಕೆಡುತ್ತದೆ ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದೇ ತಳಿಯ ಮೇಲೆ ನಡೆದ ಪ್ರಯೋಗಗಳಲ್ಲಿ ಪ್ರೋಟೀನಿನ ಮೇಲೆ ಆ ಆರೋಪ ನಿಲ್ಲಲಿಲ್ಲ. ಅಪರಾಧಿಗಳು ಎರಡೇ: ಅತಿಯಾದ ಕ್ಯಾಲ್ಸಿಯಂ ಮತ್ತು ಅತಿಯಾದ ಊಟ.

ಈಗ ಸಂಖ್ಯೆ. ಕ್ಯಾಲ್ಸಿಯಂ ಅನ್ನು ಶೇಕಡಾವಾರಿನಲ್ಲಿ ನೋಡುವುದಕ್ಕಿಂತ ಪ್ರತಿ 1000 ಕಿಲೋಕ್ಯಾಲರಿಗೆ ಎಷ್ಟು ಗ್ರಾಂ ಎಂದು ನೋಡುವುದು ಉತ್ತಮ, ಏಕೆಂದರೆ ಮರಿಗೆ ಎಷ್ಟು ಊಟ ಬೇಕು ಎನ್ನುವುದನ್ನು ಕ್ಯಾಲರಿ ನಿರ್ಧರಿಸುತ್ತದೆ. ಡಬ್ಬಿಯ ಹಸಿ ಆಹಾರಕ್ಕೂ ಚೀಲದ ಒಣ ಆಹಾರಕ್ಕೂ ಒಂದೇ ಅಳತೆಗೋಲು ಸಾಕಾಗುತ್ತದೆ. ಆಫ್ಕೊ ಪ್ರಕಾರ ಬೆಳೆಯುವ ಮರಿಯ ಆಹಾರದಲ್ಲಿ 1000 ಕಿಲೋಕ್ಯಾಲರಿಗೆ ಕನಿಷ್ಠ 3 ಗ್ರಾಂ ಕ್ಯಾಲ್ಸಿಯಂ ಇರಬೇಕು, ದೊಡ್ಡ ಗಾತ್ರದ ಮರಿಗೆ 4.5 ಗ್ರಾಂ ದಾಟಬಾರದು. ಯುರೋಪಿನ ಫೀಡಿಯಾಫ್ ಮಾರ್ಗಸೂಚಿ 14 ವಾರದೊಳಗಿನ ಮರಿಗೆ ಇನ್ನೂ ಬಿಗಿ: 4 ಗ್ರಾಂ. ಹಾಗಾಗಿ ನಾನು ಇಟ್ಟುಕೊಳ್ಳುವ ಗುರಿ 3ರಿಂದ 4ರ ನಡುವೆ. ಸಾಮಾನ್ಯ ಪಪ್ಪಿ ಫುಡ್‌ಗೆ ಆಫ್ಕೊ 6.25 ಗ್ರಾಂವರೆಗೂ ಅವಕಾಶ ಕೊಡುತ್ತದೆ. ಸಣ್ಣ ತಳಿಯ ಮರಿ ಅದನ್ನು ತಾಳಿಕೊಳ್ಳುತ್ತದೆ, ದೊಡ್ಡ ತಳಿಯದಕ್ಕೆ ಅದು ಅಪಾಯ. ಚೀಲದ ಮೇಲೆ "ಪಪ್ಪಿ" ಎಂದು ಬರೆದಿದ್ದರೆ ಸಾಕು ಎಂದುಕೊಳ್ಳುವವರು ಎಡವುವುದು ಇಲ್ಲೇ.

ಲೆಕ್ಕ ಸುಲಭ. ಚೀಲದ ಹಿಂದೆ ಕ್ಯಾಲ್ಸಿಯಂ ಶೇ. 1.3, ಶಕ್ತಿ ಕಿಲೊಗೆ 3650 ಕಿಲೋಕ್ಯಾಲರಿ ಎಂದು ಇದೆ ಎಂದುಕೊಳ್ಳಿ. ಶೇ. 1.3 ಎಂದರೆ ಒಂದು ಕಿಲೊದಲ್ಲಿ 13 ಗ್ರಾಂ. ಆ 13ನ್ನು 3.65ರಿಂದ ಭಾಗಿಸಿದರೆ 3.56. ಅಂದರೆ 1000 ಕಿಲೋಕ್ಯಾಲರಿಗೆ 3.56 ಗ್ರಾಂ. ಈ ಚೀಲ ಆಗುತ್ತದೆ.

ಅನೇಕ ಚೀಲಗಳಲ್ಲಿ ಕ್ಯಾಲ್ಸಿಯಂನ ಕನಿಷ್ಠ ಪ್ರಮಾಣ ಮಾತ್ರ ಇರುತ್ತದೆ. "ಕನಿಷ್ಠ ಶೇ. 1" ಎಂದರೆ ಒಳಗೆ ಶೇ. 2 ಇರಬಹುದು, ಸುಳ್ಳು ಬರೆದಂತೆ ಆಗುವುದಿಲ್ಲ. ನಮಗೆ ಬೇಕಾದದ್ದು ಗರಿಷ್ಠ ಪ್ರಮಾಣ. ಅದು ಇಲ್ಲದಿದ್ದರೆ ಎರಡು ದಾರಿಗಳಿವೆ. ಆಫ್ಕೊ ಮಾನದಂಡ ಪಾಲಿಸುವ ಚೀಲದಲ್ಲಿ ಸಣ್ಣ ಅಕ್ಷರದ ಒಂದು ಘೋಷಣೆ ಇರುತ್ತದೆ. ಅದರಲ್ಲಿ "ಇನ್‌ಕ್ಲೂಡಿಂಗ್ ಗ್ರೋತ್ ಆಫ್ ಲಾರ್ಜ್ ಸೈಜ್ ಡಾಗ್ಸ್" ಎಂದಿದ್ದರೆ ದೊಡ್ಡ ತಳಿಯ ಮಿತಿಯೊಳಗೆ ಇದೆ ಎಂದು ಅರ್ಥ. "ಎಕ್ಸೆಪ್ಟ್ ಫಾರ್" ಎಂಬ ಎರಡು ಪದ ಅಲ್ಲಿದ್ದರೆ ಆ ಚೀಲವನ್ನು ಕೆಳಗಿಡಿ. ಇಂಥ ಘೋಷಣೆಯೇ ಇಲ್ಲದಿದ್ದರೆ ತಯಾರಕರಿಗೆ ಬರೆದು, 1000 ಕಿಲೋಕ್ಯಾಲರಿಗೆ ಎಷ್ಟು ಕ್ಯಾಲ್ಸಿಯಂ, ಎಷ್ಟು ರಂಜಕ ಇದೆ ಎಂದು ಕೇಳಿ. ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ಅದರ ಎರಡರಷ್ಟನ್ನು ಮೀರಬಾರದು. ಉತ್ತರ ಕೊಡದ ತಯಾರಕರ ಆಹಾರವನ್ನು ನಾನಂತೂ ದೊಡ್ಡ ತಳಿಯ ಮರಿಯ ಬಟ್ಟಲಿಗೆ ಹಾಕುವುದಿಲ್ಲ.

ಮೂರನೇ ಹೆಜ್ಜೆ: ಎಷ್ಟು ಗ್ರಾಂ ಎಂದು ಲೆಕ್ಕ ಹಾಕಿ

ಲೆಕ್ಕಕ್ಕೆ ಒಂದು ಮರಿ ಬೇಕು. ಭೀಮ ಎಂದು ಕರೆಯೋಣ: 10 ವಾರದ ಗಂಡು ಜರ್ಮನ್ ಶೆಫರ್ಡ್, ಈಗ 8 ಕಿಲೊ, ಅಪ್ಪ 34 ಕಿಲೊ. ಮೇಲಿನ 3650 ಕಿಲೋಕ್ಯಾಲರಿಯ ಚೀಲವೇ ಅವನ ಊಟ.

ಫೋನಿನ ಕ್ಯಾಲ್ಕ್ಯುಲೇಟರ್ ತೆಗೆಯಿರಿ. ತೂಕವನ್ನು ಮೂರು ಸಲ ಗುಣಿಸಿ: 8 × 8 × 8 = 512. ಇದರ ವರ್ಗಮೂಲ ತೆಗೆಯಿರಿ, 22.6 ಬರುತ್ತದೆ. ಮತ್ತೊಮ್ಮೆ ವರ್ಗಮೂಲ ತೆಗೆದರೆ 4.76. ಅದನ್ನು 70ರಿಂದ ಗುಣಿಸಿದರೆ 333. ಇಷ್ಟು ಕಿಲೋಕ್ಯಾಲರಿ ಭೀಮ ಸುಮ್ಮನೆ ಮಲಗಿದ್ದರೂ ಬೇಕು. ನಾಲ್ಕು ತಿಂಗಳೊಳಗಿನ ಮರಿಗೆ ಅದರ ಮೂರರಷ್ಟು, ನಾಲ್ಕು ತಿಂಗಳ ನಂತರ ಎರಡರಷ್ಟು ಎನ್ನುವುದು ಪಶುವೈದ್ಯರು ಬಳಸುವ ಸಾಮಾನ್ಯ ಲೆಕ್ಕ. ಹಾಗಾಗಿ ಭೀಮನಿಗೆ ದಿನಕ್ಕೆ ಸುಮಾರು 1000 ಕಿಲೋಕ್ಯಾಲರಿ. ಗ್ರಾಂ ಲೆಕ್ಕದಲ್ಲಿ 274.

ಈ 274 ಗ್ರಾಂನಲ್ಲಿ ಕ್ಯಾಲ್ಸಿಯಂ 3.56 ಗ್ರಾಂ ಇದೆ. ಈಗ ಯಾರೋ ಹೇಳಿದರೆಂದು 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಒಂದು ಮಾತ್ರೆಯನ್ನು ಬೆಳಿಗ್ಗೆ ಕೊಟ್ಟರೆ ಮೊತ್ತ 4.06 ಆಗುತ್ತದೆ. ಯುರೋಪಿನ ಮಿತಿ ಅಲ್ಲಿಗೇ ದಾಟಿತು. ಸಂಜೆ ಇನ್ನೊಂದು ಕೊಟ್ಟರೆ 4.56, ಅಮೆರಿಕದ ಮಿತಿಯೂ ದಾಟಿತು. ಎರಡು ಪುಟ್ಟ ಮಾತ್ರೆಗಳು, ಅಷ್ಟೇ. ಸಿರಪ್ಪಾದರೂ ಪುಡಿಯಾದರೂ ಮಾತು ಒಂದೇ. ಮೂಳೆಯ ಪುಡಿಯ ತೂಕದಲ್ಲಿ ಸುಮಾರು ಕಾಲು ಭಾಗ ಕ್ಯಾಲ್ಸಿಯಂ ಇರುವುದರಿಂದ 4 ಗ್ರಾಂ ಪುಡಿ ಹಾಕಿದರೂ ಒಂದು ಗ್ರಾಂನಷ್ಟು ಸೇರಿದಂತೆ. ಸಂಪೂರ್ಣ ಆಹಾರ ತಿನ್ನುತ್ತಿರುವ ಮರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನೂ ಮೇಲಿಂದ ಕೊಡಬೇಡಿ. ಅತಿಯಾದರೆ ವಿಟಮಿನ್ ಡಿ ಸಹ ಮೂಳೆಯ ಬೆಳವಣಿಗೆಯನ್ನೇ ಕೆಡಿಸುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಹೇಳಲೇಬೇಕು. "ಮೇಲಿಂದ ಕ್ಯಾಲ್ಸಿಯಂ ಬೇಡ" ಎಂಬ ಮಾತು ಸಂಪೂರ್ಣ ಪಪ್ಪಿ ಫುಡ್ ತಿನ್ನುವ ಮರಿಗೆ ಮಾತ್ರ. ಮನೆಯಲ್ಲೇ ಬೇಯಿಸಿ ಹಾಕುವವರ ಸಮಸ್ಯೆ ತದ್ವಿರುದ್ಧ. ಮೂಳೆ ಇಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ರಂಜಕ ಅದರ ಹತ್ತಾರು ಪಟ್ಟು. ಅನ್ನ ಮಾಂಸವನ್ನೇ ತಿಂದು ಬೆಳೆದ ಮರಿಯ ದೇಹ ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮೂಳೆ ಕಾಗದದಂತೆ ತೆಳುವಾಗಿ, ಸೋಫಾದಿಂದ ಹಾರಿದರೂ ಮುರಿಯುವ ಸ್ಥಿತಿಗೆ ಬರುತ್ತದೆ. ಅಂಥ ಮರಿಗೆ ಕ್ಯಾಲ್ಸಿಯಂ ಬೇಕೇ ಬೇಕು, ಅದೂ ಅಳತೆ ಮಾಡಿ. ದೊಡ್ಡ ತಳಿಯ ಮರಿಗೆ ಮನೆ ಅಡುಗೆಯನ್ನೇ ಹಾಕಬೇಕೆಂದಿದ್ದರೆ ಪೋಷಣೆಯಲ್ಲಿ ತರಬೇತಿ ಪಡೆದ ಪಶುವೈದ್ಯರಿಂದ ಗ್ರಾಂ ಲೆಕ್ಕದ ಪಾಕಪಟ್ಟಿ ಬರೆಸಿಕೊಳ್ಳಿ. ಕಣ್ಣಂದಾಜು ಈ ವಯಸ್ಸಿಗೆ ನಡೆಯುವುದಿಲ್ಲ.

ಭೀಮನ ಕಡೆಗೆ ಮರಳೋಣ. ಐದು ತಿಂಗಳಿಗೆ ಅವನು 18 ಕಿಲೊ ಆದ. ಅದೇ ಲೆಕ್ಕ ಹಾಕಿದರೆ ಮಲಗಿದ್ದಾಗ ಬೇಕಾದದ್ದು 612, ಅದರ ಎರಡರಷ್ಟು 1224 ಕಿಲೋಕ್ಯಾಲರಿ, ಅಂದರೆ 335 ಗ್ರಾಂ. ಗಮನಿಸಿ: ತೂಕ ಎರಡು ಪಟ್ಟು ದಾಟಿದೆ, ಊಟ ಹೆಚ್ಚಾದದ್ದು ಕಾಲು ಭಾಗದಷ್ಟೂ ಇಲ್ಲ. ಮರಿ ದೊಡ್ಡದಾಯಿತು, ಬಟ್ಟಲೂ ದೊಡ್ಡದಾಗಲಿ ಎಂದು ಸುರಿಯುತ್ತಾ ಹೋಗುವವರು ಮರಿಯನ್ನು ದಪ್ಪ ಮಾಡುವುದು ಈ ತಿಂಗಳುಗಳಲ್ಲೇ.

ಅಳೆಯುವುದಕ್ಕೆ ಅಡುಗೆಮನೆಯ ತಕ್ಕಡಿ ಬಳಸಿ. ಲೋಟದ ಲೆಕ್ಕ ಬೇಡ. ಮನೆಯಲ್ಲಿ ಒಬ್ಬರು ಲೋಟವನ್ನು ಅಂಚಿಗೆ ತುಂಬುತ್ತಾರೆ, ಇನ್ನೊಬ್ಬರು ಗೋಪುರ ಮಾಡುತ್ತಾರೆ. ಬೆಳಿಗ್ಗೆಯೇ ಇಡೀ ದಿನದ ಪಾಲನ್ನು ತೂಗಿ ಒಂದು ಡಬ್ಬಿಯಲ್ಲಿ ಹಾಕಿಡಿ. ಎಲ್ಲರೂ ಆ ಡಬ್ಬಿಯಿಂದಲೇ ಹಾಕಲಿ, ಡಬ್ಬಿ ಖಾಲಿಯಾದರೆ ದಿನದ ಊಟ ಮುಗಿಯಿತು. ತರಬೇತಿಗೆ ಬೇಕಾದ ತುಣುಕುಗಳನ್ನೂ ಅದರಿಂದಲೇ ತೆಗೆಯುವುದು ಒಳ್ಳೆಯದು. ಬೇರೆ ತಿನಿಸು ಕೊಡುವುದಾದರೆ ದಿನದ ಕ್ಯಾಲರಿಯ ಹತ್ತನೇ ಒಂದು ಭಾಗ ಮೀರಬಾರದು. ಭೀಮನಿಗೆ 10 ವಾರದಲ್ಲಿ ಅದು 100 ಕಿಲೋಕ್ಯಾಲರಿ, ಅಷ್ಟನ್ನು ಬಟ್ಟಲಿನಿಂದ ಕಡಿಮೆ ಮಾಡಬೇಕು.

ನಾಲ್ಕನೇ ಹೆಜ್ಜೆ: ದಿನಕ್ಕೆ ಎಷ್ಟು ಸಲ

ಹಾಲು ಬಿಟ್ಟಾಗಿನಿಂದ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ. ಮೂರರಿಂದ ಆರು ತಿಂಗಳವರೆಗೆ ಮೂರು. ಆಮೇಲೆ ಎರಡು. ಭೀಮನ 274 ಗ್ರಾಂ ನಾಲ್ಕು ಪಾಲಾದರೆ ಒಂದೊಂದು ಸಲಕ್ಕೆ 68 ಗ್ರಾಂ ಆಸುಪಾಸು, ಐದನೇ ತಿಂಗಳ 335 ಗ್ರಾಂ ಮೂರು ಪಾಲಾದರೆ 112. ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದ್ದಿಲ್ಲ. ಎಳೆ ಮರಿಯ ಹೊಟ್ಟೆ ಚಿಕ್ಕದು, ಒಂದೇ ಸಲ ಹೆಚ್ಚು ಹಾಕಿದರೆ ಮಲ ಸಡಿಲವಾಗುತ್ತದೆ. ಮಧ್ಯಾಹ್ನದ ಊಟವನ್ನು ಮರಿ ತಾನಾಗಿಯೇ ಮೂಸಿ ಬಿಡಲು ಶುರುಮಾಡಿದರೆ ಒಂದು ಊಟ ಕಡಿಮೆ ಮಾಡುವ ಕಾಲ ಬಂದಿದೆ ಎಂದು ಅರ್ಥ. ಆ ಪಾಲನ್ನು ಉಳಿದ ಊಟಗಳಿಗೆ ಹಂಚಿ.

ತೀರಾ ಪುಟ್ಟ ತಳಿಗಳ ವಿಷಯ ಬೇರೆ. ಚಿವಾವಾದಂಥ ಮರಿಗೆ ಹೊಟ್ಟೆ ಬಹಳ ಹೊತ್ತು ಖಾಲಿ ಇದ್ದರೆ ರಕ್ತದ ಸಕ್ಕರೆ ಇಳಿದು ತೂರಾಡುವುದು, ನಡುಗುವುದು, ಎಚ್ಚರ ತಪ್ಪುವುದು ಆಗಬಹುದು. ಅವಕ್ಕೆ ನಾಲ್ಕು ತಿಂಗಳವರೆಗಾದರೂ ನಾಲ್ಕು ಊಟ ಇರಲಿ, ರಾತ್ರಿ ಮಲಗುವ ಮುನ್ನ ಕೊನೆಯದು.

ಬಟ್ಟಲು ಇಟ್ಟು 15ರಿಂದ 20 ನಿಮಿಷ ಕಾದು, ಉಳಿದರೆ ತೆಗೆದುಬಿಡಿ. ದಿನವಿಡೀ ಬಟ್ಟಲು ತುಂಬಿಟ್ಟು ಬೇಕಾದಾಗ ತಿನ್ನಲಿ ಎಂದು ಬಿಡುವುದು ದೊಡ್ಡ ತಳಿಗೆ ಒಳ್ಳೆಯದಲ್ಲ. ಮರಿ ಹಸಿವಿಗಿಂತ ಹೆಚ್ಚು ತಿನ್ನುತ್ತದೆ, ಬೇಗ ತೂಕ ಏರುತ್ತದೆ, ಇನ್ನೂ ಗಟ್ಟಿಯಾಗದ ಕೀಲಿನ ಮೇಲೆ ಭಾರ ಬೀಳುತ್ತದೆ. ಜೊತೆಗೆ, ಹುಷಾರಿಲ್ಲದೆ ಒಂದು ಊಟ ಬಿಟ್ಟರೆ ನಿಮಗೆ ಗೊತ್ತೇ ಆಗುವುದಿಲ್ಲ.

ಎರಡಕ್ಕಿಂತ ಕಡಿಮೆಗೆ ಇಳಿಯಬೇಡಿ, ಬೆಳೆದ ಮೇಲೂ. ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಮಾರಕ ತೊಂದರೆ ಇದೆ. ದಿನಕ್ಕೆ ಒಂದೇ ಸಲ ದೊಡ್ಡ ಊಟ ಹಾಕುವುದು ಅದರ ಅಪಾಯ ಹೆಚ್ಚಿಸುತ್ತದೆ.

ಐದನೇ ಹೆಜ್ಜೆ: ಪ್ರತಿ ವಾರ ಕೈಯಿಂದ ನೋಡಿ

ಮೇಲಿನ ಲೆಕ್ಕ ಆರಂಭಕ್ಕೆ ಮಾತ್ರ. ಒಂದೇ ಸೂಲಿನ ಎರಡು ಮರಿಗಳಿಗೂ ಬೇಕಾಗುವ ಊಟದಲ್ಲಿ ವ್ಯತ್ಯಾಸ ಇರುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅದೇ ದಿನ, ಬೆಳಗಿನ ಊಟಕ್ಕೆ ಮೊದಲು ತೂಕ ನೋಡಿ ಬರೆದಿಡಿ. ಮರಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆದರಾಯಿತು. ಆಮೇಲೆ ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು ಹಗುರವಾಗಿ ಸವರಿ. ಒತ್ತದೆಯೇ ಒಂದೊಂದು ಪಕ್ಕೆಲುಬೂ ಬೆರಳಿಗೆ ಸಿಗಬೇಕು. ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲಕ್ಕೆ ಸರಿದಿರಬೇಕು. ಒತ್ತಿ ಹುಡುಕಬೇಕಾದರೆ ದಿನದ ಊಟದಲ್ಲಿ ಹತ್ತನೇ ಒಂದು ಭಾಗ ಇಳಿಸಿ ಎರಡು ವಾರ ನೋಡಿ. ಪಕ್ಕೆಲುಬು, ಬೆನ್ನುಮೂಳೆ ದೂರದಿಂದಲೇ ಎದ್ದು ಕಂಡರೆ ಅಷ್ಟೇ ಏರಿಸಿ, ಹುಳುವಿನ ಔಷಧಿ ಯಾವಾಗ ಕೊಟ್ಟಿದ್ದಿರಿ ಎಂದೂ ನೋಡಿ.

ದೊಡ್ಡ ತಳಿಯ ಮರಿ ಸ್ವಲ್ಪ ತೆಳ್ಳಗೆ ಇರಬೇಕು. ಇದನ್ನು ಒಪ್ಪಿಕೊಳ್ಳುವುದು ಮನೆಯವರಿಗೆ ಬಹಳ ಕಷ್ಟ, ಗುಂಡುಗುಂಡಾದ ಮರಿ ಎಲ್ಲರಿಗೂ ಇಷ್ಟ. "ಏನು, ಊಟ ಹಾಕಲ್ವಾ?" ಎಂದು ಬಂದವರು ಕೇಳುತ್ತಾರೆ. ಅವರಿಗೆ ಹೇಳಲು ಒಂದು ಗಟ್ಟಿ ಉತ್ತರ ಇದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಒಡಹುಟ್ಟಿದವುಗಳ 24 ಜೋಡಿಗಳನ್ನಾಗಿ ಮಾಡಿ, ಎಂಟನೇ ವಾರದಿಂದ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ. 25 ಕಡಿಮೆ ಊಟ ಕೊಟ್ಟು ಬದುಕಿನುದ್ದಕ್ಕೂ ನೋಡಿದರು. ಕಡಿಮೆ ತಿಂದವುಗಳಲ್ಲಿ ಎರಡು ವರ್ಷಕ್ಕೆ ಸೊಂಟದ ಕೀಲಿನ ದೋಷ ಕಡಿಮೆ ಇತ್ತು. 2002ರಲ್ಲಿ ಪ್ರಕಟವಾದ ಕೊನೆಯ ಫಲಿತಾಂಶದಲ್ಲಿ ಅವುಗಳ ಮಧ್ಯಮ ಆಯುಷ್ಯ 13 ವರ್ಷ, ಹೆಚ್ಚು ತಿಂದವುಗಳದು 11.2. ತೆಳ್ಳಗೆ ಬೆಳೆದ ಮರಿ ಗಿಡ್ಡವಾಗಿ ಉಳಿಯುತ್ತದೆ ಎಂಬ ಭಯವೂ ಬೇಡ. ಎತ್ತರ ವಂಶದಿಂದ ಬಂದಿರುತ್ತದೆ, ಅಲ್ಲಿಗೆ ತಲುಪಲು ಒಂದೆರಡು ತಿಂಗಳು ಹೆಚ್ಚು ಹಿಡಿಯಬಹುದು ಅಷ್ಟೇ.

ಇದರ ಜೊತೆಗೆ ಮರಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಎದುರಿನಿಂದ ಮುಂಗಾಲು ನೋಡಿ, ತಿಂಗಳಿಗೊಮ್ಮೆ ಅದೇ ಭಂಗಿಯಲ್ಲಿ ಫೋಟೋ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ, ಎರಡು ಫೋಟೋ ಪಕ್ಕಪಕ್ಕ ಇಟ್ಟರೆ ಕಾಣುತ್ತದೆ. ಪಾದ ಹೊರಕ್ಕೆ ತಿರುಗುತ್ತಿದ್ದರೆ, ಮುಂಗಾಲು ಬಾಗುತ್ತಿದ್ದರೆ, ಮಣಿಕಟ್ಟಿನ ಮೇಲ್ಭಾಗ ಊದಿ ಬಿಸಿಯಾಗಿದ್ದರೆ, ಮಲಗಿ ಏಳುವಾಗ ಕುಂಟಿದರೆ, ಒಂದು ವಾರ ಒಂದು ಕಾಲು ಮುಂದಿನ ವಾರ ಇನ್ನೊಂದು ಕಾಲು ಕುಂಟಿದರೆ ಕಾಯಬೇಡಿ, ಪಶುವೈದ್ಯರ ಬಳಿ ಎಕ್ಸ್‌ರೇ ಮಾಡಿಸಿ. ಬೆಳೆಯುವ ವಯಸ್ಸಿನಲ್ಲಿ ಸಿಕ್ಕಿದ ದೋಷವನ್ನು ಬೇಗ ಹಿಡಿದರೆ ಊಟ ಸರಿಪಡಿಸಿ, ಅಗತ್ಯವಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ಕಾಲು ಉಳಿಸಿಕೊಳ್ಳುವ ಸಾಧ್ಯತೆ ಇರುತ್ತದೆ. ಬೆಳವಣಿಗೆ ನಿಂತ ಮೇಲೆ ಆ ಅವಕಾಶ ಕಿರಿದಾಗುತ್ತದೆ. "ಕಾಲು ಸೊಟ್ಟ, ಕ್ಯಾಲ್ಸಿಯಂ ಕಡಿಮೆ ಇರಬೇಕು" ಎಂದು ಆಗ ಸಿರಪ್ ಶುರುಮಾಡಿದರೆ ಗಾಯಕ್ಕೆ ಉಪ್ಪು ಸವರಿದಂತೆ.

ಆರನೇ ಹೆಜ್ಜೆ: ಅಡಲ್ಟ್ ಫುಡ್‌ಗೆ ಬದಲಾಯಿಸುವುದು

ಸಣ್ಣ ತಳಿಗಳು 9ರಿಂದ 12 ತಿಂಗಳಿಗೆ ಬೆಳೆದು ಮುಗಿಸುತ್ತವೆ, ಮಧ್ಯಮ ಗಾತ್ರದವು 12ರ ಆಸುಪಾಸಿನಲ್ಲಿ. ದೊಡ್ಡ ತಳಿಗೆ 12ರಿಂದ 18 ತಿಂಗಳು, ಗ್ರೇಟ್ ಡೇನ್‌ನಂಥ ದೈತ್ಯರಿಗೆ 18ರಿಂದ 24. ಕ್ಯಾಲೆಂಡರಿಗಿಂತ ನೀವು ಬರೆದಿಟ್ಟ ತೂಕದ ಪಟ್ಟಿ ಹೆಚ್ಚು ನಿಜ ಹೇಳುತ್ತದೆ. ವಾರದಿಂದ ವಾರಕ್ಕೆ ಏರುತ್ತಿದ್ದ ತೂಕ ಒಂದೆರಡು ತಿಂಗಳು ಹೆಚ್ಚುಕಡಿಮೆ ನಿಂತು, ನಿರೀಕ್ಷಿಸಿದ ತೂಕಕ್ಕೆ ಹತ್ತಿರ ಬಂದಿದ್ದರೆ ಬದಲಾಯಿಸಬಹುದು. ಭೀಮನಿಗೆ ಅದು 15ನೇ ತಿಂಗಳಲ್ಲಿ, 33 ಕಿಲೊ ಆದಾಗ ಬಂತು ಎನ್ನೋಣ.

ದೊಡ್ಡ ತಳಿ ಸಾಕುವವರ ನಡುವೆ ಒಂದು ಸಲಹೆ ಓಡಾಡುತ್ತದೆ: ಬೇಗ ಬೆಳೆಯಬಾರದಲ್ಲ, ಹಾಗಾದರೆ ನಾಲ್ಕೈದು ತಿಂಗಳಿಗೇ ಅಡಲ್ಟ್ ಫುಡ್ ಶುರುಮಾಡಿ. ಕೇಳಲು ಸರಿ ಎನಿಸುತ್ತದೆ, ಲೆಕ್ಕ ಹಾಕಿದರೆ ಬಿದ್ದುಹೋಗುತ್ತದೆ. ಅಡಲ್ಟ್ ಫುಡ್‌ನ ಕ್ಯಾಲ್ಸಿಯಂಗೆ ಮರಿಯ ಬಿಗಿ ಮಿತಿ ಅನ್ವಯಿಸುವುದಿಲ್ಲ. ಕ್ಯಾಲ್ಸಿಯಂ ಶೇ. 1.7, ಶಕ್ತಿ ಕಿಲೊಗೆ 3300 ಇರುವ ಅಡಲ್ಟ್ ಚೀಲ ತೆಗೆದುಕೊಳ್ಳಿ: 17ನ್ನು 3.3ರಿಂದ ಭಾಗಿಸಿದರೆ 5.15 ಗ್ರಾಂ. ಮಿತಿ 4.5. ಶಕ್ತಿ ಕಡಿಮೆ ಇರುವುದರಿಂದ ಮರಿ ಹೊಟ್ಟೆ ತುಂಬಲು ಹೆಚ್ಚು ಗ್ರಾಂ ತಿನ್ನುತ್ತದೆ, ಪ್ರತಿ ಗ್ರಾಂ ಜೊತೆಗೂ ಕ್ಯಾಲ್ಸಿಯಂ ಒಳಗೆ ಹೋಗುತ್ತದೆ. ಬೆಳವಣಿಗೆ ನಿಧಾನ ಆಗಬೇಕಿದ್ದರೆ ದೊಡ್ಡ ತಳಿಯ ಪಪ್ಪಿ ಫುಡ್ಡನ್ನೇ ಕಡಿಮೆ ಗ್ರಾಂ ಕೊಡಿ. ನಿಧಾನ ಮಾಡುವ ಗುಂಡಿ ಪ್ರಮಾಣದಲ್ಲಿದೆ, ಚೀಲ ಬದಲಾಯಿಸುವುದರಲ್ಲಿ ಇಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹಸಿವು ಹೆಚ್ಚುತ್ತದೆ, ಬೇಕಾದ ಕ್ಯಾಲರಿ ಕಡಿಮೆಯಾಗುತ್ತದೆ. ಬೆಳವಣಿಗೆ ಮುಗಿಯುವ ಮೊದಲೇ ಮಾಡಿಸಿದ್ದರೂ ಪಪ್ಪಿ ಫುಡ್ ಮುಂದುವರಿಯಲಿ, ಪ್ರಮಾಣ ಮಾತ್ರ ಇಳಿಯಲಿ. ಎಷ್ಟು ಇಳಿಸಬೇಕೆಂದು ಪಕ್ಕೆಲುಬು ಹೇಳುತ್ತದೆ.

ಬದಲಾವಣೆ 7ರಿಂದ 10 ದಿನ ಹಿಡಿಯಲಿ. ಮೊದಲ ಎರಡು ಮೂರು ದಿನ ಕಾಲು ಭಾಗ ಹೊಸದು, ಮುಕ್ಕಾಲು ಹಳೆಯದು. ಆಮೇಲೆ ಎರಡು ಮೂರು ದಿನ ಅರ್ಧ ಅರ್ಧ. ಆಮೇಲೆ ಮುಕ್ಕಾಲು ಹೊಸದು, ಕೊನೆಗೆ ಪೂರ್ತಿ. ಮಲ ಸಡಿಲವಾದರೆ ಹಿಂದಿನ ಹಂತಕ್ಕೆ ಮರಳಿ ಎರಡು ದಿನ ಅಲ್ಲೇ ನಿಲ್ಲಿ. ನೀರಿನಂಥ ಭೇದಿ, ವಾಂತಿ ಅಥವಾ ರಕ್ತ ಕಂಡರೆ ಅದನ್ನು ಊಟ ಬದಲಾದದ್ದಕ್ಕೆ ಎಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ. ಮರಿಯನ್ನು ಮನೆಗೆ ತಂದ ಮೊದಲ ವಾರಕ್ಕೂ ಇದೇ ಕ್ರಮ: ಮೊದಲಿದ್ದ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೆಲವು ದಿನ ಕೊಟ್ಟು, ಆಮೇಲೆ ನಿಮ್ಮ ಆಯ್ಕೆಯ ಆಹಾರಕ್ಕೆ ಹೀಗೆಯೇ ಹಂತಹಂತವಾಗಿ ತನ್ನಿ.

ಹೊಸ ಚೀಲಕ್ಕೆ ಹೊಸ ಲೆಕ್ಕ ಬೇಕು, ಹಳೆಯ ಗ್ರಾಂ ಮುಂದುವರಿಸಬೇಡಿ. ಭೀಮನ 33 ಕಿಲೊಗೆ ಮಲಗಿದ್ದಾಗ ಬೇಕಾದದ್ದು 964 ಕಿಲೋಕ್ಯಾಲರಿ. ಶಸ್ತ್ರಚಿಕಿತ್ಸೆ ಆದ ಬೆಳೆದ ನಾಯಿಗೆ ಅದರ 1.6 ಪಟ್ಟು, ಅಂದರೆ ಸುಮಾರು 1540. ಅಡಲ್ಟ್ ಚೀಲದಲ್ಲಿ ಕಿಲೊಗೆ 3400 ಇದ್ದರೆ ದಿನಕ್ಕೆ 453 ಗ್ರಾಂ, ಬೆಳಿಗ್ಗೆ ಸಂಜೆ ಎರಡು ಪಾಲು. ಶಸ್ತ್ರಚಿಕಿತ್ಸೆ ಆಗದಿದ್ದರೆ 1.8 ಪಟ್ಟಿನಿಂದ ಶುರುಮಾಡಿ, ಸುಮಾರು 510 ಗ್ರಾಂ. ಮೊದಲ ತಿಂಗಳು ವಾರದ ತೂಕ ಬರೆಯುವುದನ್ನು ನಿಲ್ಲಿಸಬೇಡಿ. ಬೆಳವಣಿಗೆ ನಿಂತ ಮೇಲೂ ತೂಕ ಏರುತ್ತಿದ್ದರೆ ಅದು ಕೊಬ್ಬು, ಗ್ರಾಂ ಇಳಿಸಬೇಕು.